ಒಂಬತ್ತು ರೂಪಾಯಿ ನೆನಪಾದಾಗ ತೆಗೆದ ಫೋಟೊ

ನಮಸ್ಕಾರ ಕೇಳುಗರೇ. ನಾನು ಸ್ಟುಡಿಯೊ ಇಟ್ಟುಕೊಂಡಿರುವವನು. ಲಿಂಕ್ಡ್‌ಇನ್‌ಗೆ ಫೋಟೊ ಬೇಕು ಅಂತ ಈಚೆಗೆ ತುಂಬಾ ಜನ ಬರುತ್ತಾರೆ. ಹೋದ ತಿಂಗಳು ಬಂದ ಒಬ್ಬ ಅಕ್ಕನ ಫೋಟೊ ಹೇಗೆ ತೆಗೆದೆ ಅಂತ ಇವತ್ತು ಹೇಳುತ್ತೇನೆ.

ಆ ಅಕ್ಕ ಅಕೌಂಟ್ಸ್ ಕೆಲಸ ಮಾಡುತ್ತಿದ್ದವರು. ಮಕ್ಕಳಿಗಾಗಿ ಏಳು ವರ್ಷ ಮನೆಯಲ್ಲಿದ್ದು, ಈಗ ಮತ್ತೆ ಕೆಲಸ ಹುಡುಕುತ್ತಿದ್ದರು. ಮೊಬೈಲಲ್ಲಿ ಎರಡು ಫೋಟೊ ತಂದಿದ್ದರು. ಒಂದು ತಂಗಿಯ ಮದುವೆಯದ್ದು, ರೇಷ್ಮೆ ಸೀರೆ, ಹೂವು, ಹೆಗಲ ಮೇಲೆ ಯಾರದೋ ಕೈಯ ಬೆರಳು ಹಾಗೇ ಉಳಿದಿತ್ತು. ಇನ್ನೊಂದು ಸೆಲ್ಫಿ. ಅದರಲ್ಲಿ ಅವರ ಮುಖ ಅವರದ್ದೇ ಅನ್ನಿಸುತ್ತಿರಲಿಲ್ಲ.

ಅದಕ್ಕೆ ಕಾರಣ ದೂರ. ಕೈಚಾಚಿ ತೆಗೆದಾಗ ಕ್ಯಾಮೆರಾಗೆ ಕಿವಿಗಿಂತ ಮೂಗು ತುಂಬಾ ಹತ್ತಿರ ಇರುತ್ತದೆ, ಹಾಗಾಗಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿದ್ದರು. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇಕಡಾ 30ರಷ್ಟು ಜಾಸ್ತಿ ಕಾಣುತ್ತದಂತೆ. ಐದಡಿ ದೂರ ಹೋದರೆ ಆ ತೊಂದರೆ ಇಲ್ಲ. ಅದಕ್ಕೇ ನಾನು ಫೋನನ್ನು ಆರಡಿ ದೂರದಲ್ಲಿ, ಅವರ ಕಣ್ಣಿನ ಮಟ್ಟಕ್ಕೇ ಇಟ್ಟು, ಹಿಂದಿನ ಕ್ಯಾಮೆರಾದ ಎರಡರ ಜೂಮ್‌ನಲ್ಲಿ ತೆಗೆದೆ. ಮನೆಯಲ್ಲೂ ಇಷ್ಟು ಮಾಡಬಹುದು, ಇನ್ನೊಬ್ಬರ ಕೈಗೆ ಫೋನ್ ಕೊಟ್ಟರೆ ಸಾಕು.

ಬೆಳಕಿಗೆ ಕಿಟಕಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕುರ್ಚಿ ಹಾಕಿ, ಸ್ವಲ್ಪ ಕಿಟಕಿ ಕಡೆಗೆ ತಿರುಗಿ ಕೂರಿಸಿದೆ. ಹಿಂದೆ ತಿಳಿ ಬೂದು ಬಣ್ಣದ ಗೋಡೆ, ಅವರಿಂದ ನಾಲ್ಕಡಿ ಹಿಂದೆ. ಗೋಡೆಗೆ ಅಂಟಿಕೊಂಡು ಕೂತರೆ ತಲೆಯ ಪಕ್ಕ ಕಪ್ಪು ನೆರಳು ಬೀಳುತ್ತದೆ, ಆಗ ಅದು ಪಾಸ್‌ಪೋರ್ಟ್ ಫೋಟೊ ಹಾಗೇ ಆಗುತ್ತದೆ.

ಬಟ್ಟೆಗೆ ಹಳೇ ಕಂಪನಿಯ ಕೆಲಸಕ್ಕೆ ಹೋಗುವಾಗ ಏನು ಉಡುತ್ತಿದ್ದಿರಿ ಅಂತ ಕೇಳಿದೆ. ಹತ್ತಿ ಸೀರೆ ಅಂದರು. ಹಾಗಿದ್ರೆ ಅದೇ ಇರಲಿ. ಅವರು ತಂದಿದ್ದ ಎರಡರಲ್ಲಿ ಸಣ್ಣ ಚೌಕುಳಿಯದ್ದನ್ನು ಬೇಡ ಅಂದೆ, ಫೋಟೊ ಚಿಕ್ಕದಾದಾಗ ಆ ಗೆರೆಗಳು ಒಂದಕ್ಕೊಂದು ಸೇರಿ ಅಲೆ ಅಲೆಯಾಗಿ ಕಾಣುತ್ತವೆ. ಒಂದೇ ಬಣ್ಣದ ಕಡುಗೆಂಪು ಸೀರೆ ಸರಿಯಾಯಿತು. ಕುಂಕುಮ, ಕನ್ನಡಕ ದಿನಾ ಇರುವ ಹಾಗೇ ಇರಲಿ ಅಂದೆ. ಸಂದರ್ಶನಕ್ಕೆ ಬಾಗಿಲು ತೆರೆದು ಒಳಗೆ ಬರುವವರು ಫೋಟೊದಲ್ಲಿದ್ದವರೇ ಅನ್ನಿಸಬೇಕು, ಅಲ್ವಾ? ಚರ್ಮ ನುಣುಪು ಮಾಡುವ ಫಿಲ್ಟರನ್ನೂ ಅದಕ್ಕೇ ನಾನು ಹಾಕುವುದಿಲ್ಲ.

ಕಷ್ಟ ಆಗಿದ್ದು ಮುಖಭಾವ. ಸ್ಮೈಲ್ ಮಾಡಿ ಅಂದ ತಕ್ಷಣ ತುಟಿ ಅಗಲ ಆಯಿತು, ಕಣ್ಣು ಮಾತ್ರ ಹೆದರಿಕೊಂಡೇ ಇತ್ತು. ಹದಿನೈದು ಫೋಟೊ ಹಾಗೇ ಹೋಯಿತು. ನಿಜವಾದ ನಗುವಿನಲ್ಲಿ ಕೆನ್ನೆ ಮೇಲೇರುತ್ತದೆ, ಕೆಳಗಿನ ರೆಪ್ಪೆ ಒಂಚೂರು ಉಬ್ಬುತ್ತದೆ. ಅದನ್ನು ಬೇಕೆಂದಾಗ ತರಿಸುವುದು ಹೆಚ್ಚಿನವರಿಗೆ ಆಗುವುದಿಲ್ಲ. ಹಾಗಾಗಿ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಅದರ ಪಕ್ಕ ನಿಂತು ಸುಮ್ನೆ ಅವರ ಕೆಲಸದ ಬಗ್ಗೆ ಕೇಳಿದೆ. ಲೆಕ್ಕ ಟ್ಯಾಲಿ ಆಗದೆ ರಾತ್ರಿ ಎಂಟರ ತನಕ ಕೂತ ಒಂದು ದಿನದ ಕತೆ ಹೇಳಿದರು. ವ್ಯತ್ಯಾಸ ಬರೀ ಒಂಬತ್ತು ರೂಪಾಯಿ. "ವ್ಯತ್ಯಾಸ ಒಂಬತ್ತರಿಂದ ಭಾಗ ಹೋದ್ರೆ ಮೊದಲು ಅಂಕಿ ಅದಲುಬದಲಾಗಿದೆಯಾ ನೋಡ್ಬೇಕು ಸರ್" ಅಂದರು. 54 ಅಂತ ಬರೆಯುವಲ್ಲಿ ಯಾರೋ 45 ಬರೆದಿದ್ದರಂತೆ. ಅದು ಸಿಕ್ಕಿದ್ದನ್ನು ಹೇಳುವಾಗ ಬೆನ್ನು ನೇರ ಆಯಿತು, ಗದ್ದ ಸ್ವಲ್ಪ ಮುಂದೆ ಬಂತು, ಕಣ್ಣಿನಲ್ಲಿ ಆ ನಗು ಬಂತು. ಮಾತು ಮುಗಿಸಿ ಬಾಯಿ ಮುಚ್ಚಿದ ಆ ಗಳಿಗೆಯಲ್ಲಿ ಕ್ಲಿಕ್ ಮಾಡಿದೆ. ಹಲ್ಲು ಕಾಣಲಿಲ್ಲ, ಕಾಣಲೇಬೇಕು ಅಂತೇನೂ ಇಲ್ಲ.

ಆಮೇಲೆ ಕ್ರಾಪ್. ಲಿಂಕ್ಡ್‌ಇನ್ ಚೌಕದ ಫೋಟೊ ಕೇಳುತ್ತದೆ, ಕನಿಷ್ಠ 400 ಪಿಕ್ಸೆಲ್ ಉದ್ದ, 400 ಅಗಲ ಇದ್ದರೆ ಒಳ್ಳೆಯದು. ಆದರೆ ತೋರಿಸುವುದು ವೃತ್ತದಲ್ಲಿ, ನಾಲ್ಕು ಮೂಲೆಯೂ ಹೋಗುತ್ತವೆ. ಸೊಂಟದ ತನಕ ಇಟ್ಟರೆ ಮುಖ ಚುಕ್ಕಿಯಾಗುತ್ತದೆ, ತೀರಾ ಹತ್ತಿರ ಕತ್ತರಿಸಿದರೆ ನೆತ್ತಿಯೋ ಗದ್ದವೋ ಅಂಚಿಗೆ ತಾಗುತ್ತದೆ. ಹೆಗಲಿನ ಸ್ವಲ್ಪ ಕೆಳಗೆ ಕತ್ತರಿಸಿ, ತಲೆಯ ಮೇಲೆ ಒಂದಿಷ್ಟು ಜಾಗ ಬಿಟ್ಟು, ಚೌಕದ ಎತ್ತರದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಲೆಯೇ ತುಂಬುವ ಹಾಗೆ ಮಾಡಿದೆ. ಕಾಮೆಂಟ್ ಪಕ್ಕದಲ್ಲಿ ಇದು ಕಿರುಬೆರಳಿನ ಉಗುರಿನಷ್ಟೇ ಕಾಣುತ್ತದೆ, ಅದಕ್ಕೇ ಅಷ್ಟು ಚಿಕ್ಕದು ಮಾಡಿ, ಕೈಚಾಚಿ ಹಿಡಿದು ನೋಡಿದೆವು. ಕಣ್ಣು ಕಂಡಿತು.

ಕೊನೆಗೆ ಮೂರು ಉಳಿದವು. ಅವರಿಗೆ ಇಷ್ಟವಾಗಿದ್ದು ತೆಳ್ಳಗೆ ಕಾಣುತ್ತಿದ್ದ ಮೊದಲನೆಯದು. ಮೂರನ್ನೂ ಹಳೇ ಆಫೀಸಿನ ಗೆಳತಿಗೆ ಕಳಿಸಿ, ಯಾವುದು ಅಂತ ಅವರನ್ನೇ ಕೇಳಿ ಅಂದೆ. ಎರಡು ನಿಮಿಷದಲ್ಲಿ ಉತ್ತರ ಬಂತು: "ಮೂರನೇದು ಕಣೇ. ಲೆಕ್ಕ ಸಿಕ್ಕಿದಾಗ ನೀನು ಹಿಂಗೇ ಕಾಣ್ತಿದ್ದೆ."