ಹೊಸ ಬೆಳಗಿನ ಬ್ಯಾಚಿಗೆ ಅರ್ಧ ನಿಮಿಷದ ಪ್ರಕಟಣೆ

ಯೋಗ ಕಲಿಸುವ ಗೆಳೆಯರಿಗೆಲ್ಲ ನಮಸ್ಕಾರ. ಬಡಾವಣೆಯ ಸಭೆಯಲ್ಲಿ ಹೊಸ ಬ್ಯಾಚಿನ ವಿಷಯ ಹೇಳಲು ನಿಮಗೆ ಮೈಕ್ ಸಿಗುವುದು 30 ಸೆಕೆಂಡ್ ಮಾತ್ರ. ಕನ್ನಡದ ಪದಗಳು ಉದ್ದ. ಅವಸರವಿಲ್ಲದೆ ಓದಿದರೆ ಅಷ್ಟರಲ್ಲಿ ಸುಮಾರು 45 ಪದ ಹೇಳಬಹುದು. ಅದರಲ್ಲಿ ಏನು ಹೇಳಬೇಕು ಅನ್ನುವುದೇ ಇವತ್ತಿನ ಮಾತು.

ಎಷ್ಟೋ ಜನ ಪತಂಜಲಿಯಿಂದ ಶುರು ಮಾಡುತ್ತಾರೆ. ಆಮೇಲೆ ತಮ್ಮ ಸರ್ಟಿಫಿಕೇಟು, ಯೋಗದ ಲಾಭಗಳು. ಜಾಗ, ಟೈಮು ಹೇಳುವಷ್ಟರಲ್ಲಿ ಮೈಕ್ ಬೇರೆಯವರ ಕೈಗೆ ಹೋಗಿರುತ್ತದೆ. ಅಕ್ಕಪಕ್ಕದವರಿಗೆ ನೀವು ಯಾರು ಅಂತ ಗೊತ್ತು. ಯೋಗ ಒಳ್ಳೆಯದು ಅನ್ನುವುದೂ ಗೊತ್ತು. ಅವರನ್ನು ತಡೆಯುವುದು ಬೇರೆ: "ನನಗೆ ಕೆಳಗೆ ಕೂರಕ್ಕೇ ಆಗಲ್ಲ, ನಾನು ಬರಬಹುದಾ?" ಇದಕ್ಕೆ ಉತ್ತರ ಕೊಡಿ.

ಒಂದು ಮಾದರಿ ಓದುತ್ತೇನೆ:

"ನಮಸ್ಕಾರ. ಸೋಮವಾರದಿಂದ ದೇವಸ್ಥಾನದ ಪಕ್ಕದ ಹಾಲ್‌ನಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ಯೋಗ ಶುರು. ಯಾವತ್ತೂ ಮಾಡದವರೂ ಬನ್ನಿ. ಕೆಳಗೆ ಕೂರಲು ಆಗದವರಿಗೆ ಕುರ್ಚಿ ಇದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ಒಂದು ಜಮಖಾನ ತನ್ನಿ. ಬಿಪಿ, ಶುಗರ್ ಇದ್ದರೆ, ಆಪರೇಷನ್ ಆಗಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ನನಗೆ ಹೇಳಿ. ಫೀಸ್ ತಿಂಗಳಿಗೆ ಐನೂರು, ಮೊದಲ ವಾರ ಉಚಿತ. ಭಾನುವಾರದೊಳಗೆ ನಮ್ಮ ಮನೆಯಲ್ಲಿ ಹೆಸರು ಕೊಡಿ."

ಇದರಲ್ಲಿ ಫೋನ್ ನಂಬರ್ ಇಲ್ಲ, ಗಮನಿಸಿದಿರಾ? ಹತ್ತು ಅಂಕಿಗಳನ್ನು ಬಿಡಿಬಿಡಿಯಾಗಿ ಎರಡು ಸಲ ಹೇಳಿದರೆ ಹತ್ತು ಸೆಕೆಂಡ್ ಹೋಯಿತು. ಕೇಳಿದವರು ಬರೆದುಕೊಳ್ಳುವುದೂ ಇಲ್ಲ. ನಿಮ್ಮ ಮನೆ ಎಲ್ಲರಿಗೂ ಗೊತ್ತು ಅಲ್ವಾ, ಅದೇ ಸಾಕು.

ಆರೋಗ್ಯದ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಪಿ ಜಾಸ್ತಿ ಇರುವವರಿಗೆ ಕಪಾಲಭಾತಿ ಮಾಡಿಸುವಂತಿಲ್ಲ, ತಲೆ ಕೆಳಗೆ ಮಾಡುವ ಆಸನಗಳೂ ಬೇಡ. ಮೊದಲ ದಿನ ಇಡೀ ಗುಂಪಿಗೆ ಒಟ್ಟಿಗೆ ಕಲಿಸುವಾಗ ಇದನ್ನು ಒಬ್ಬೊಬ್ಬರ ಹತ್ತಿರ ಕೇಳಲು ಆಗುವುದಿಲ್ಲ. ಇನ್ನು ಶುಗರ್. ನಾವು ಎಲ್ಲರಿಗೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತೇವೆ. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಹಾಗೆ ಬಂದರೆ ಶುಗರ್ ಇಳಿಯಬಹುದು. ಬೆವರು, ಕೈ ನಡುಕ, ತಲೆಸುತ್ತು ಬಂದರೆ ಆಸನ ಅಲ್ಲಿಗೇ ನಿಲ್ಲಿಸಿ ಸಕ್ಕರೆ ನೀರು ಕೊಡಬೇಕು. ಬರುವ ಮೊದಲು ಏನಾದರೂ ತಿನ್ನಬೇಕಾ ಅಂತ ಅವರು ತಮ್ಮ ಡಾಕ್ಟರನ್ನೇ ಕೇಳಿಕೊಂಡು ಬರಲಿ. "ಯೋಗದಿಂದ ಶುಗರ್ ವಾಸಿ, ಮಾತ್ರೆ ಬಿಡಬಹುದು" ಅನ್ನುವ ಮಾತನ್ನಂತೂ ಪ್ರಕಟಣೆಯಲ್ಲಿ ಸೇರಿಸಲೇಬೇಡಿ. ಅದನ್ನು ನಂಬಿ ಮಾತ್ರೆ ಬಿಡುವವರು ನಮ್ಮ ಪಕ್ಕದ ಮನೆಯವರೇ.

ಮನೆಯಲ್ಲಿ ಮೊಬೈಲಿನ ಟೈಮರ್ ಇಟ್ಟು ಗಟ್ಟಿಯಾಗಿ ಓದಿ ನೋಡಿ. 35 ಸೆಕೆಂಡ್ ಆದರೆ ಫೀಸಿನ ಸಾಲು ತೆಗೆಯಿರಿ, ಹೆಸರು ಕೊಡಲು ಬಂದಾಗ ಅವರೇ ಕೇಳುತ್ತಾರೆ. ಆರೋಗ್ಯದ ಸಾಲನ್ನು ಮಾತ್ರ ಮುಟ್ಟಬೇಡಿ.