ಕಿಟಕಿ ಬೆಳಕಿನಲ್ಲಿ ತೆಗೆದ ಮುಖ

ಕೇಳುಗರಿಗೆ ನಮಸ್ಕಾರ.

ಕಳೆದ ಮೇ ತಿಂಗಳಲ್ಲಿ ದಾವಣಗೆರೆಯ ಒಬ್ಬ ಹುಡುಗಿ ನನಗೊಂದು ಫೋಟೊ ಕಳಿಸಿದಳು. ಬಿ.ಕಾಂ. ಓದುವ ಹುಡುಗಿ. ಮಧ್ಯಾಹ್ನ ಹನ್ನೆರಡಕ್ಕೆ, ಮನೆ ತಾರಸಿ ಮೇಲೆ ನಿಂತು ತೆಗೆದದ್ದು. ಹಣೆ ಹೊಳೆಯುತ್ತಿತ್ತು, ಮೂಗು ಹೊಳೆಯುತ್ತಿತ್ತು, ಎರಡೂ ಕೆನ್ನೆ ಹೊಳೆಯುತ್ತಿದ್ದವು. ಕೆಳಗೆ ಬರೆದಿದ್ದಳು: ‘ಅಕ್ಕಾ, ನಂದು ಪೂರ್ತಿ ಎಣ್ಣೆ ಚರ್ಮ. ದಿನಕ್ಕೆ ಐದು ಸಲ ಸೋಪು ಹಾಕಿ ತೊಳೀತೀನಿ. ಆದ್ರೂ ಹಿಂಗೇ.’

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಪಾರ್ಲರ್. ದೂರದವರು ಈಗ ಮುಖ ತೋರಿಸಲು ಬರುವುದಿಲ್ಲ, ಮುಖವನ್ನೇ ಕಳಿಸಿಬಿಡುತ್ತಾರೆ. ಅಂಥ ಫೋಟೊಗಳನ್ನು ನೋಡಿ ನೋಡಿ ನನಗೆ ಅನುಮಾನದ ಬುದ್ಧಿ ಬಂದಿದೆ. ಈ ಫೋಟೊದಲ್ಲಿ ಹೊಳೆಯುತ್ತಿದ್ದದ್ದು ಎಣ್ಣೆಯೋ, ಬೆವರೋ, ಬರೀ ಬಿಸಿಲೋ? ನನಗೆ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ, ಆ ಫೋಟೊ ನೋಡಿ ಯಾರಿಗೂ ಗೊತ್ತಾಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಹಳೇ ಮನೆಗಳ ಕೆಂಪು ಗಾರೆ ನೆಲ ನೆನಪಿಸಿಕೊಳ್ಳಿ. ಧೂಳು ಕೂತಿದ್ದಾಗ ಆ ನೆಲ ಸುಮ್ನೆ ಕೆಂಪಗೆ ಕಾಣುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ, ಎದುರಿನ ಕಿಟಕಿ ಅದರಲ್ಲಿ ಬೆಳ್ಳಗೆ ಬಿದ್ದಿರುತ್ತದೆ. ಚರ್ಮವೂ ಹೀಗೇ. ಮುಖದಿಂದ ಎರಡು ಥರದ ಬೆಳಕು ಹೊರಗೆ ಬರುತ್ತದೆ. ಒಂದು, ಚರ್ಮದ ಒಳಗೆ ಸ್ವಲ್ಪ ಹೋಗಿ, ಅದರ ಬಣ್ಣ ಹೊತ್ತುಕೊಂಡು ಬರುವ ಬೆಳಕು. ಇನ್ನೊಂದು, ಮೇಲ್ಮೈಗೆ ತಾಗಿ ಹಾಗೇ ಚಿಮ್ಮುವ ಬೆಳಕು. ಅದಕ್ಕೆ ಚರ್ಮದ ಬಣ್ಣ ಇರುವುದಿಲ್ಲ, ಕಿಟಕಿಯ ಬಣ್ಣ ಇರುತ್ತದೆ. ಜಿಡ್ಡು ಚರ್ಮದ ಸಣ್ಣ ಗೆರೆಗಳನ್ನು ತುಂಬಿ ನುಣುಪು ಮಾಡುತ್ತದೆ, ಆಗ ಈ ಎರಡನೇ ಬೆಳಕು ಜಾಸ್ತಿಯಾಗುತ್ತದೆ. ಫೋಟೊದಲ್ಲಿ ನಾವು ಹುಡುಕುವುದು ಆ ಬಿಳಿ ಮಚ್ಚೆಯನ್ನೇ. ನಮ್ಮ ಕಂದು ಬಣ್ಣದ ಮುಖಗಳಲ್ಲಿ ಅದು ಚೆನ್ನಾಗಿ ಎದ್ದು ಕಾಣುತ್ತದೆ. ತುಂಬಾ ಬೆಳ್ಳಗಿರುವವರ ಮುಖದಲ್ಲಿ ಹುಡುಕುವುದು ಸ್ವಲ್ಪ ಕಷ್ಟ.

ಆದರೆ ಬೆವರೂ ನುಣುಪು ಮಾಡುತ್ತದೆ. ನೆತ್ತಿ ಮೇಲಿನ ಬಿಸಿಲಂತೂ ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆ ಹೀಗೆ ಉಬ್ಬಿದ ಜಾಗವನ್ನೆಲ್ಲ ಬೆಳಗಿಸುತ್ತದೆ, ಎಣ್ಣೆ ಇರಲಿ ಬಿಡಲಿ. ಅದಕ್ಕೇ ಅವಳಿಗೆ ಇನ್ನೊಂದು ಫೋಟೊ ತೆಗೆಯಲು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಈಗಲೇ ಮೊಬೈಲ್ ಎತ್ತಿಕೊಳ್ಳಬೇಡಿ ಮತ್ತೆ, ಮೊದಲು ಮುಖ ತೊಳೆಯುವುದಿದೆ.

ಬೆಳಿಗ್ಗೆ ಎದ್ದು, ದಿನವೂ ಬಳಸುವ ಸೋಪಿನಲ್ಲೋ ಫೇಸ್‌ವಾಶ್‌ನಲ್ಲೋ ಒಂದೇ ಸಲ ತೊಳೆದುಕೊಳ್ಳಿ. ಒರೆಸಿ, ಏನನ್ನೂ ಹಚ್ಚಬೇಡಿ. ಕ್ರೀಮ್ ಬೇಡ, ಪೌಡರ್ ಬೇಡ, ಸನ್‌ಸ್ಕ್ರೀನ್ ಬೇಡ. ತಲೆಗೆ ಎಣ್ಣೆ ಹಾಕಿದ ದಿನವಂತೂ ಬೇಡವೇ ಬೇಡ, ಅದು ಹಣೆಗೆ ಇಳಿಯುತ್ತದೆ. ಎರಡು ಗಂಟೆ ಹಾಗೇ ಬಿಡಿ. ತೊಳೆದ ತಕ್ಷಣ ಎಲ್ಲರ ಚರ್ಮವೂ ಒಣಗಿದ ಹಾಗೇ ಕಾಣುತ್ತದೆ. ಜಿಡ್ಡು ಮತ್ತೆ ಮೇಲೆ ಬರಲು ಸಮಯ ಬೇಕು. ಈ ಎರಡು ಗಂಟೆ ಒಲೆ ಮುಂದೆ ನಿಂತರೆ ಕೆಲಸ ಕೆಟ್ಟಿತು. ಫ್ಯಾನ್ ಕೆಳಗೆ ಕೂತು ಪೇಪರ್ ಓದಿ.

ಆಮೇಲೆ ಬಿಸಿಲು ನೇರ ಬೀಳದ ಒಂದು ಕಿಟಕಿ ಹುಡುಕಿ, ಅದಕ್ಕೆ ಮುಖ ಮಾಡಿ ಎರಡು ಮೂರು ಅಡಿ ದೂರದಲ್ಲಿ ನಿಲ್ಲಿ. ಟ್ಯೂಬ್‌ಲೈಟ್ ಆರಿಸಿ. ಹೆಗಲ ಮೇಲೆ ಒಂದು ಬಿಳಿ ಟವೆಲ್ ಹೊದೆಯಿರಿ. ಕೆಂಪು ಕುಪ್ಪಸ ತೊಟ್ಟಿದ್ದರೆ ಗದ್ದದ ಕೆಳಗೆಲ್ಲ ಕೆಂಪು ಬಡಿಯುತ್ತದೆ, ಚರ್ಮವೇ ಉರಿಯುತ್ತಿದೆ ಅಂದುಕೊಳ್ಳುತ್ತೀರಿ. ಸೆಲ್ಫಿ ಕ್ಯಾಮೆರಾ ಬೇಡ, ಬಹಳಷ್ಟು ಫೋನುಗಳಲ್ಲಿ ಅದು ಕೇಳದೆಯೇ ಮುಖ ನಯ ಮಾಡುತ್ತದೆ. ಬ್ಯೂಟಿ ಮೋಡ್ ಆಫ್ ಮಾಡಿ, ಹಿಂದಿನ ಕ್ಯಾಮೆರಾದಲ್ಲಿ ಮನೆಯವರು ಯಾರಾದರೂ ತೆಗೆಯಲಿ. ಫೋನಿನ ಪರದೆಯಲ್ಲಿ ಮುಖ ಕಾಣುವ ಕಡೆ ಬೆರಳೊತ್ತಿ, ಬೆಳಕನ್ನು ಒಂಚೂರು ಇಳಿಸಲಿ. ಹೊಳೆಯುವ ಜಾಗ ಪೂರ್ತಿ ಬಿಳಿಯಾಗಿ ಸುಟ್ಟುಹೋದರೆ, ಅದು ಎಷ್ಟು ಹೊಳೆಯುತ್ತಿತ್ತು ಅಂತ ತಿಳಿಯುವುದಿಲ್ಲ. ಮೂರು ಫೋಟೊ ಸಾಕು. ಒಂದು ನೇರ, ಒಂದು ಎಡ ಕೆನ್ನೆ ಕಿಟಕಿಗೆ, ಒಂದು ಬಲ ಕೆನ್ನೆ ಕಿಟಕಿಗೆ.

ಹುಡುಗಿ ಅಚ್ಚುಕಟ್ಟಾಗಿ ಮಾಡಿದ್ದಳು. ಆರೂವರೆಗೆ ತೊಳೆದು ಎಂಟೂವರೆಗೆ ತೆಗೆಸಿದ್ದಳು, ಅಮ್ಮನ ಕೈಯಲ್ಲಿ. ನೇರ ಫೋಟೊದಲ್ಲಿ ಹಣೆಯ ನಡುವೆ ಒಂದು ಬಿಳಿ ಪಟ್ಟೆ, ಹುಬ್ಬುಗಳ ನಡುವಿಂದ ಇಳಿದು ಮೂಗಿನ ಮೇಲೆ ಬಂದಿತ್ತು. ಗದ್ದದಲ್ಲಿ ಸ್ವಲ್ಪ. ಪಾರ್ಲರ್ ಭಾಷೆಯಲ್ಲಿ ಇದೇ ಟಿ-ಜೋನ್. ಎಣ್ಣೆ ಗ್ರಂಥಿಗಳು ಅಲ್ಲಿ ದಟ್ಟವಾಗಿರುತ್ತವೆ, ಅದರಲ್ಲಿ ವಿಶೇಷವೇನಿಲ್ಲ. ನನಗೆ ಬೇಕಿದ್ದದ್ದು ಕೆನ್ನೆ.

ನೇರ ಫೋಟೊದಲ್ಲಿ ಕೆನ್ನೆ ಮಂಕಾಗಿತ್ತು. ಅಷ್ಟರಿಂದಲೇ ಒಣ ಚರ್ಮ ಅನ್ನುವಂತಿಲ್ಲ. ಕೆನ್ನೆ ಪಕ್ಕಕ್ಕೆ ವಾಲಿರುತ್ತದೆ, ಕಿಟಕಿಯ ಬೆಳಕು ಅಲ್ಲಿಂದ ಚಿಮ್ಮಿ ಬೇರೆಲ್ಲೋ ಹೋಗಿರಬಹುದು. ಎಡ, ಬಲ ಫೋಟೊ ಕೇಳುವುದು ಇದಕ್ಕೇ. ಕೆನ್ನೆ ಕಿಟಕಿಗೆ ನೇರವಾಗಿ ನಿಂತಾಗಲೂ ಬಿಳಿ ಮಚ್ಚೆ ಬೀಳದಿದ್ದರೆ ಅಲ್ಲಿ ಜಿಡ್ಡು ಕಡಿಮೆ ಅಂತಲೇ ಅರ್ಥ. ಅವಳದ್ದು ಹಾಗೇ ಇತ್ತು. ಮೂಳೆಯ ಮೇಲೆ ಒಂದು ಮಸುಕಾದ ಹೊಳಪು, ಅಷ್ಟೇ. ತುಟಿಯ ಮೂಲೆಯಿಂದ ಕೆಳಗೆ, ದೊಡ್ಡದು ಮಾಡಿ ನೋಡಿದರೆ, ಬೂದಿ ಉದುರಿಸಿದ ಹಾಗೆ ತೆಳು ಬಿಳುಪು. ಕಂದು ಚರ್ಮ ಒಣಗಿದಾಗ ಹೀಗೇ ಬೂದು ಬಡಿದುಕೊಳ್ಳುತ್ತದೆ. ಎಣ್ಣೆಯ ಬಿಳುಪಿಗೂ ಇದಕ್ಕೂ ವ್ಯತ್ಯಾಸ ಇದೆ. ತಲೆ ತಿರುಗಿಸಿದರೆ ಎಣ್ಣೆಯ ಬಿಳುಪು ಜಾಗ ಬದಲಿಸುತ್ತದೆ. ಬೂದು ಬಿಳುಪು ಮೂರೂ ಫೋಟೊದಲ್ಲಿ ಅದೇ ಜಾಗದಲ್ಲಿ ಇರುತ್ತದೆ.

ಅಂದರೆ ಪೂರ್ತಿ ಎಣ್ಣೆ ಚರ್ಮ ಅಲ್ಲ, ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಒಣ ಇರುವ ಕಾಂಬಿನೇಷನ್. ಅದೂ ಕೆನ್ನೆ ಚೆನ್ನಾಗಿಯೇ ಒಣಗಿದ ಕಾಂಬಿನೇಷನ್. ‘ತೊಳೆದ ಮೇಲೆ ಕೆನ್ನೆ ಎಳೆದ ಹಾಗಾಗುತ್ತಾ?’ ಅಂತ ಕೇಳಿದೆ. ‘ಹೂಂ ಅಕ್ಕ, ನಗಾಕೆ ಬಿಗಿ ಅನ್ನಿಸ್ತದೆ’ ಅಂದಳು. ಐದು ಸಲದ ಸೋಪಿನ ಫಲ ಕೆನ್ನೆಗೆ ತಟ್ಟಿತ್ತು. ತಾರಸಿಯ ಫೋಟೊದಲ್ಲಿ ಕೆನ್ನೆ ಹೊಳೆದದ್ದು ಬೆವರು ಮತ್ತು ಬಿಸಿಲಿನಿಂದ.

ಇಷ್ಟಾದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಫೋಟೊ ನೋಡಿ ಹೇಳಿದ್ದನ್ನು ಕಾಗದದಿಂದ ಖಾತ್ರಿ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಬೋಂಡ ಕಟ್ಟಿಕೊಟ್ಟ ಕಾಗದ ನೋಡಿದ್ದೀರಲ್ಲ, ಎಣ್ಣೆ ಹೀರಿದ ಕಡೆ ಬೆಳಕು ಹಾಯುತ್ತದೆ. ಟಿಶ್ಯೂ ಕಾಗದದ ತುಂಡುಗಳನ್ನು ಹಣೆ, ಮೂಗು, ಎರಡು ಕೆನ್ನೆಗೆ ಬೇರೆ ಬೇರೆಯಾಗಿ ಒತ್ತಿ, ಯಾವುದು ಎಲ್ಲಿಯದು ಅಂತ ಗುರುತು ಹಾಕಿ, ಹತ್ತು ನಿಮಿಷ ಗಾಳಿಗೆ ಬಿಡಬೇಕು. ಬೆವರಿನ ಕಲೆ ಆರಿಹೋಗುತ್ತದೆ, ಎಣ್ಣೆಯದು ಉಳಿಯುತ್ತದೆ. ಅವಳ ಹಣೆ ಮೂಗಿನ ತುಂಡುಗಳಲ್ಲಿ ಕಲೆ ಉಳಿಯಿತು, ಕೆನ್ನೆಯ ತುಂಡುಗಳು ಬರಿದಾಗಿದ್ದವು. ಮಂಗಳೂರು, ಉಡುಪಿ ಕಡೆಯವರು ಈ ಕಾಗದ ಬಿಡಲೇಬಾರದು. ಅಲ್ಲಿನ ಸೆಕೆಯಲ್ಲಿ ಒಣ ಚರ್ಮದವರೂ ಫೋಟೊದಲ್ಲಿ ಮಿಂಚುತ್ತಾರೆ.

ಇನ್ನು ಪೋರ್ಸ್. ಅವಳ ಎರಡನೇ ಗೋಳು ಅದೇ. ‘ಮೂಗಿನ ಪಕ್ಕ ತೂತು ತೂತು ಅಕ್ಕಾ.’

ಆ ತೂತು ಕೂದಲಿನ ಬುಡದ ಬಾಯಿ, ಎಣ್ಣೆ ಹೊರಬರುವ ದಾರಿ. ಮುಖದಲ್ಲಿ ಎಲ್ಲರಿಗೂ ಇರುತ್ತದೆ. ಫೋಟೊದಲ್ಲಿ ಕಾಣುವುದು ತೂತಲ್ಲ, ಅದರೊಳಗೆ ಬಿದ್ದ ನೆರಳು. ಇಡ್ಲಿ ತಟ್ಟೆಗೆ ಮೇಲಿಂದ ಟಾರ್ಚ್ ಬಿಡಿ, ಕುಳಿ ಅಷ್ಟೇನೂ ಕಾಣುವುದಿಲ್ಲ. ಪಕ್ಕದಿಂದ ಬಿಡಿ, ಒಂದೊಂದು ಕುಳಿಯಲ್ಲೂ ಕಪ್ಪು ತುಂಬುತ್ತದೆ. ಆದ್ದರಿಂದ ಒಂದೇ ಮುಖ, ಒಂದೇ ದಿನ, ಕಿಟಕಿಗೆ ಎದುರಾಗಿ ನಿಂತರೆ ನಯ, ಪಕ್ಕಕ್ಕೆ ನಿಂತರೆ ಕಿತ್ತಳೆ ಸಿಪ್ಪೆ. ಬೆಳಕು ಎಲ್ಲಿಂದ ಬಂತು ಅಂತ ತಿಳಿಯದೆ ‘ಪೋರ್ಸ್ ದೊಡ್ಡದಾಗಿದೆ’ ಅನ್ನಲಾಗುವುದಿಲ್ಲ. ಕ್ರೀಮ್ ಜಾಹೀರಾತುಗಳ ‘ಮೊದಲು, ಆಮೇಲೆ’ ಜೋಡಿ ಫೋಟೊಗಳಲ್ಲಿ ನಾನು ಮೊದಲು ನೋಡುವುದು ಮೂಗಿನ ನೆರಳನ್ನು. ಎರಡರಲ್ಲೂ ಅದು ಒಂದೇ ಕಡೆ ಬಿದ್ದಿಲ್ಲ ಅಂದರೆ ಮುಂದೆ ನೋಡುವುದೇ ಇಲ್ಲ.

ಇನ್ನೊಂದು ಸಣ್ಣ ಲೆಕ್ಕ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಹನ್ನೆರಡು ಮೆಗಾಪಿಕ್ಸೆಲ್ ಫೋಟೊದ ಅಗಲ ಸುಮಾರು 3000 ಚುಕ್ಕಿ, ಅಂದರೆ ಪಿಕ್ಸೆಲ್. ಮುಖ ಅದರಲ್ಲಿ ಅರ್ಧ ತುಂಬಿದರೆ 1500. ಮುಖದ ಅಗಲ ಹದಿನಾಲ್ಕು ಸೆಂಟಿಮೀಟರ್ ಅಂದುಕೊಳ್ಳಿ. ಒಂದು ಮಿಲಿಮೀಟರ್‌ಗೆ ಹತ್ತು ಹನ್ನೊಂದು ಚುಕ್ಕಿ ಸಿಕ್ಕಿತು. ಕಾಲು ಮಿಲಿಮೀಟರಿನ ಒಂದು ಪೋರ್‌ಗೆ ಎರಡೋ ಮೂರೋ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಕಳಿಸಿದರೆ ಅದು ಕುಗ್ಗುತ್ತದೆ. ಚುಕ್ಕಿ ಅರ್ಧವಾದರೆ ಒಂದೇ ಉಳಿಯಿತು, ಪೋರ್ ಮಾಯ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಹಾಗಂತ ಫೋನನ್ನು ಮೂಗಿಗೆ ಹಿಡಿಯಬೇಡಿ. ತೀರಾ ಹತ್ತಿರ ಹೋದರೆ ಮೂಗು ಊದಿ, ಅದರ ಮೇಲಿನ ಪೋರ್ಸ್ ಕೆನ್ನೆಯದ್ದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಒಂದೂವರೆ ಅಡಿ ದೂರದಿಂದ ತೆಗೆದು, ಆಮೇಲೆ ಪರದೆಯಲ್ಲಿ ಹಿಗ್ಗಿಸಿ ನೋಡಿ.

ಹಿಗ್ಗಿಸಿ ನೋಡಿದಾಗ ಅವಳ ಮೂಗಿನ ಮೇಲೆ ಸಣ್ಣ ಬೂದು ಚುಕ್ಕಿಗಳು, ಒಂದೇ ಅಳತೆ, ಒಂದೇ ಅಂತರ, ರಾಗಿ ಚೆಲ್ಲಿದ ಹಾಗೆ. ಅವಳು ಅದನ್ನು ಬ್ಲ್ಯಾಕ್‌ಹೆಡ್ ಅಂದುಕೊಂಡು ಉಗುರಿನಿಂದ ಹಿಂಡುತ್ತಿದ್ದಳು. ಬ್ಲ್ಯಾಕ್‌ಹೆಡ್ ಇಷ್ಟು ಸಾಲಾಗಿ ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಇರುತ್ತದೆ, ಹೆಚ್ಚು ಕಪ್ಪಗಿರುತ್ತದೆ, ಸ್ವಲ್ಪ ಉಬ್ಬಿರುತ್ತದೆ. ಇವು ಪೋರ್ ಒಳಗೆ ಸಹಜವಾಗಿ ಕೂತ ಜಿಡ್ಡಿನ ಎಳೆಗಳು. ಹಿಂಡಿದರೆ ಬರುತ್ತವೆ, ಮತ್ತೆ ತುಂಬಿಕೊಳ್ಳುತ್ತವೆ. ಬಿಸಿ ಆವಿಗೆ ಪೋರ್ಸ್ ತೆರೆಯುತ್ತದೆ, ಐಸ್ ಇಟ್ಟರೆ ಮುಚ್ಚುತ್ತದೆ ಅಂತ ನಮ್ಮ ಕಸುಬಿನವರೇ ಹೇಳುತ್ತಾರೆ. ನಾನೂ ಬಹಳ ವರ್ಷ ಹೇಳಿದ್ದೇನೆ. ತೆರೆದು ಮುಚ್ಚಲು ಅಲ್ಲಿ ಸ್ನಾಯು ಇಲ್ಲ.

ಫೋಟೊದಲ್ಲಿ ನನ್ನನ್ನು ಬಹಳ ಸಲ ಏಮಾರಿಸಿರುವುದು ಒಂದೇ ಜಾಗ, ಮೂಗಿನ ಹೊಳ್ಳೆಯ ಪಕ್ಕದ ಮಡಿಕೆ. ಅಲ್ಲಿ ಹೊಟ್ಟು ಎದ್ದಿದ್ದರೆ ಒಣ ಚರ್ಮ ಅಂತ ಕ್ರೀಮ್ ಮೆತ್ತುತ್ತೇವೆ. ಆದರೆ ಹೊಟ್ಟಿನ ಸುತ್ತ ಕೆಂಪಿದ್ದು, ಹುಬ್ಬಿನಲ್ಲೂ ತಲೆಯಲ್ಲೂ ಹೊಟ್ಟಿದ್ದರೆ ಅದು ಜಿಡ್ಡಿನ ಜಾಗಕ್ಕೇ ಬರುವ ಒಂದು ಚರ್ಮದ ತೊಂದರೆ ಇರಬಹುದು. ನಮ್ಮ ಕಣ್ಣಿಗೆ ಆ ಕೆಂಪು ಬೇಗ ಕಾಣುವುದೂ ಇಲ್ಲ, ಕಂದು ಬಣ್ಣದ ಮೇಲೆ ಅದು ಬರೀ ಗಾಢ ಕಂದಾಗಿ ಕಾಣುತ್ತದೆ. ಅಂಥ ಫೋಟೊ ಬಂದರೆ ನಾನು ಕ್ರೀಮಿನ ಹೆಸರು ಹೇಳುವುದಿಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ.

ದಾವಣಗೆರೆಯ ಹುಡುಗಿಗೆ ಅದು ಇರಲಿಲ್ಲ. ಸೋಪು ದಿನಕ್ಕೆ ಎರಡು ಸಲಕ್ಕೆ ಇಳಿಯಿತು, ಕೆನ್ನೆಗೆ ಮಾತ್ರ ಮಾಯಿಶ್ಚರೈಸರ್. ಜನವರಿಯಲ್ಲಿ ಅದೇ ಕಿಟಕಿ, ಅದೇ ಟವೆಲ್, ಅದೇ ಎಂಟೂವರೆಗೆ ಮತ್ತೆ ಮೂರು ಫೋಟೊ ಕಳಿಸಿದಳು. ಕೆನ್ನೆಯ ಬೂದು ಹೋಗಿತ್ತು. ಆದರೆ ಹಣೆಯ ಬಿಳಿ ಪಟ್ಟೆಯೂ ಅರ್ಧಕ್ಕರ್ಧ ಇಳಿದಿತ್ತು. ಹಣೆಗೆ ಅವಳು ಏನೂ ಹಚ್ಚಿರಲಿಲ್ಲ. ಅದು ಚಳಿಯ ಕೆಲಸ. ‘ನಂದು ಯಾವ ಚರ್ಮ ಅಂತ ಬರ್ಕೊಳ್ಳಲಿ ಅಕ್ಕ?’ ಅಂದಳು. ಫೋಟೊದ ಹೆಸರಿನಲ್ಲಿ ತಿಂಗಳೂ ಸೇರಿಸಿಡು, ಮೇಗೆ ಇನ್ನೊಂದು ತೆಗೆದು ಪಕ್ಕದಲ್ಲಿಟ್ಟು ನೋಡೋಣ ಅಂದೆ.

ನಮಸ್ಕಾರ.