ಒಂದು ರೂಪಾಯಿ ಬಂತು, ಆದ್ರೂ ಬ್ಯಾಂಕ್ ವೆರಿಫಿಕೇಶನ್ ಫೇಲ್ | ಸೆಲ್ಲರ್ ರಿಜಿಸ್ಟ್ರೇಶನ್ ವ್ಲಾಗ್

ಹಾಂ, ರೆಕಾರ್ಡ್ ಆಗ್ತಿದೆ. ಹಿಂದ್ಗಡೆ ಬರ್ತಿರೋ ಸೌಂಡು ನಮ್ಮತ್ತಿಗೆ ಹೊಲಿಗೆ ಮಷೀನ್‌ದು, ಅದನ್ನ ಎಡಿಟಲ್ಲಿ ತೆಗೆಯಲ್ಲ, ಯಾಕಂದ್ರೆ ಈ ಮನೇಲಿ ನಿಜವಾಗ್ಲೂ ಕೆಲಸ ಮಾಡ್ತಿರೋದು ಅವರೊಬ್ರೇ, ನಾನು ಹತ್ತು ದಿನದಿಂದ ಫಾರ್ಮ್ ತುಂಬ್ತಾ ಕೂತಿದೀನಿ. ಅವರು ಬಟ್ಟೆ ಬ್ಯಾಗು, ಕುಶನ್ ಕವರು ಹೊಲೀತಾರೆ, ಇಷ್ಟು ದಿನ ತುಮಕೂರಲ್ಲೇ ಗೊತ್ತಿರೋರಿಗೆ ಮಾರ್ತಿದ್ವಿ, ಈಗ ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸಲ್ಲಿ ಹಾಕೋಣ ಅಂತ. ಯಾವುದು ಅಂತ ಹೆಸ್ರು ಹೇಳಲ್ಲ, ಕಾಮೆಂಟಲ್ಲಿ ಕೇಳ್ಬೇಡಿ.

ಟೇಬಲ್ ಮೇಲೆ ಕಾಣ್ತಿದೆಯಲ್ಲ, ಅಷ್ಟೇ ಪೇಪರ್ರು. ಪ್ಯಾನ್, ಆಧಾರ್, ಜಿಎಸ್‌ಟಿ ಸರ್ಟಿಫಿಕೇಟ್ ಪ್ರಿಂಟು, ಕ್ಯಾನ್ಸಲ್ ಮಾಡಿರೋ ಚೆಕ್ಕು, ಆ ಕಡೆ ಇರೋದು ಕರೆಂಟ್ ಬಿಲ್ಲು. ಕರೆಂಟ್ ಬಿಲ್ ಅಪ್ಪನ ಹೆಸರಲ್ಲಿದೆ, ಅದಕ್ಕೆ ಅಪ್ಪನ ಹತ್ರ ಒಂದು ಒಪ್ಪಿಗೆ ಪತ್ರ ಬರೆಸ್ಕೊಂಡೆ, ನಮ್ಮ ಮನೇಲಿ ನನ್ನ ಮಗಳು ವ್ಯಾಪಾರ ಮಾಡಕ್ಕೆ ನನ್ನ ಅಭ್ಯಂತರ ಇಲ್ಲ ಅಂತ. ಸಹಿ ಹಾಕೋವಾಗ ಅಪ್ಪ, ಇದನ್ನ ಮೊದ್ಲೇ ಕೇಳಿದ್ರೆ ಅಭ್ಯಂತರ ಇತ್ತು ಅಂದ್ರು.

ಜಿಎಸ್‌ಟಿ ಕಥೆ ಬೇಗ ಮುಗಿಸ್ತೀನಿ. ಇಲ್ಲಿ ಒಂದು ಸೆಂಟರಲ್ಲಿ ರಿಜಿಸ್ಟ್ರೇಶನ್‌ಗೆ ಎರಡೂವರೆ ಸಾವಿರ ಕೇಳಿದ್ರು. ಸರ್ಕಾರದ ಪೋರ್ಟಲ್ಲಲ್ಲಿ ಅದಕ್ಕೆ ಫೀಸೇ ಇಲ್ಲ, ಸೊನ್ನೆ. ಸ್ಕ್ರೀನಲ್ಲಿ ನೋಡ್ತಿದೀರಲ್ಲ, ಮೊದ್ಲು ಮೊಬೈಲು ಮೇಲ್ ಎರಡಕ್ಕೂ ಒಟಿಪಿ, ಆಮೇಲೆ ಟಿಆರ್‌ಎನ್ ಅಂತ ಒಂದು ತಾತ್ಕಾಲಿಕ ನಂಬರು ಕೊಡತ್ತೆ, ಅದು ಹದಿನೈದೇ ದಿನ ನಡೆಯೋದು, ಅಷ್ಟರೊಳಗೆ ಉಳಿದಿದ್ದು ತುಂಬಬೇಕು. ಆಧಾರ್ ಅಥೆಂಟಿಕೇಶನ್‌ಗೆ ಹೂಂ ಅನ್ನಿ, ಇಲ್ಲಾಂದ್ರೆ ಮನೆಗೆ ಬಂದು ನೋಡೋವರೆಗೂ ಕಾಯ್ಬೇಕಾಗತ್ತೆ. ನನಗೆ ಆರು ದಿನಕ್ಕೆ ನಂಬರ್ ಬಂತು.

ಇಲ್ಲೊಂದು ಮಾತು, ಜಿಎಸ್‌ಟಿ ಎಲ್ಲರಿಗೂ ಬೇಕೇ ಬೇಕು ಅಂತೇನಿಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ಇಲ್ದೇನೂ ಆನ್‌ಲೈನಲ್ಲಿ ಮಾರಬಹುದು, ಅದೇ ಪೋರ್ಟಲ್ಲಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರೆ ಸಾಕು. ಆದ್ರೆ ಸ್ವಂತ ರಾಜ್ಯದೊಳಗೆ ಮಾತ್ರ. ತುಮಕೂರಿಂದ ಬೀದರ್‌ಗೆ ಕಳಿಸಬಹುದು, ಹೊಸೂರಿಗೆ ಕಳಿಸಂಗಿಲ್ಲ. ನಮ್ಮ ಬ್ಯಾಗ್ ಕೇಳ್ತಿರೋರು ಪುಣೆಲಿ ಚೆನ್ನೈಲಿ ಇದಾರೆ, ಅದಕ್ಕೆ ಜಿಎಸ್‌ಟಿನೇ ತಗೊಂಡೆ. ಸುಮ್ನೆ ತಲೆನೋವು ತಗೊಂಡೆ ಅಂತ ಕಳೆದ ವಾರ ಅನ್ನಿಸ್ತು, ಯಾಕಂದ್ರೆ ಒಂದು ಬ್ಯಾಗೂ ಮಾರದೇ ಇದ್ರೂ ನಿಲ್ ರಿಟರ್ನ್ ಹಾಕ್ಲೇಬೇಕು, ತಡ ಆದ್ರೆ ದಿನಕ್ಕೆ 20 ರೂಪಾಯಿ. ಇವತ್ತು ಕೇಳಿದ್ರೆ ತಗೊಂಡಿದ್ದೇ ಸರಿ ಅಂತೀನಿ. ನಾಳೆ ಏನಂತೀನೋ ಗೊತ್ತಿಲ್ಲ.

ಓಕೆ, ಈ ಶಾಟಲ್ಲಿ ಮಾರ್ಕೆಟ್‌ಪ್ಲೇಸ್ ಫಾರ್ಮ್. ಜಿಎಸ್‌ಟಿ ನಂಬರ್ ಹಾಕಿದ ತಕ್ಷಣ ಹೆಸ್ರು ಅಡ್ರೆಸ್ಸು ತಾನೇ ಬಂದು ಕೂತ್ಕೊಂತು. ಹದಿನೈದು ಅಕ್ಷರದ ಆ ನಂಬರ್ ನೋಡಿ, ಮೊದಲ 29 ಅಂದ್ರೆ ಕರ್ನಾಟಕ, ಅದಾದ್ಮೇಲಿನ ಹತ್ತು ಅಕ್ಷರ ನಿಮ್ಮ ಪ್ಯಾನ್ ನಂಬರೇ. ಅಂದ್ರೆ ಜಿಎಸ್‌ಟಿ ಹೊಸ ಗುರುತಲ್ಲ, ಪ್ಯಾನಿಗೇ ಹಿಂದೆ ಮುಂದೆ ಬಾಲ ಅಂಟಿಸಿರೋದು. ಸರ್ಟಿಫಿಕೇಟಲ್ಲಿರೋ ಲೀಗಲ್ ನೇಮ್ ಕೂಡ ಪ್ಯಾನಿಂದಾನೇ ಬರತ್ತೆ. ಇದನ್ನ ನೆನಪಿಟ್ಕೊಳಿ, ನಾನು ನೆನಪಿಟ್ಕೊಳ್ಲಿಲ್ಲ.

ಈಗ ಬಂತು ನೋಡಿ ಬ್ಯಾಂಕ್. ಅಕೌಂಟ್ ನಂಬರ್ ಹಾಕ್ದೆ, ಐಎಫ್‌ಎಸ್‌ಸಿ ಹಾಕ್ದೆ, ವೆರಿಫೈ ಒತ್ತಿದೆ. ಗರಗರ ಸುತ್ತಿ ಕೆಂಪಕ್ಷರದಲ್ಲಿ ಫೇಲ್ಡ್ ಅಂತ ಬಂತು. ಕಾರಣ ಇಲ್ಲ ಏನಿಲ್ಲ, ಡೀಟೇಲ್ಸ್ ಚೆಕ್ ಮಾಡಿ ಅಂತ ಅಷ್ಟೆ. ಎಲ್ಲೋ ನಂಬರ್ ತಪ್ಪು ಅಂದ್ಕೊಂಡು ಇನ್ನೊಂದ್ಸಲ ಹಾಕ್ದೆ, ಫೇಲು. ಮೂರನೇ ಸಲ ಅತ್ತಿಗೆನ ಪಕ್ಕದಲ್ಲಿ ಕೂರಿಸ್ಕೊಂಡು ಅವರು ಒಂದೊಂದೇ ಅಂಕಿ ಓದಿ ನಾನು ಟೈಪ್ ಮಾಡಿ, ಫೇಲು, ಜೊತೆಗೆ 24 ಗಂಟೆ ಬಿಟ್ಟು ಬನ್ನಿ ಅಂತ ಲಾಕ್. ನನ್ನ ಮುಖ ನೋಡಿ ಅಲ್ಲಿ. ಅದು ಆ್ಯಕ್ಟಿಂಗ್ ಅಲ್ಲ.

ಮೊದ್ಲು ಐಎಫ್‌ಎಸ್‌ಸಿ ಮೇಲೆ ಅನುಮಾನ ಬಂತು. ನಮ್ಮ ಕಡೆ ಇದು ದೊಡ್ಡ ರಾಮಾಯಣ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರ್ತು, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟು 2020ರಲ್ಲಿ ಕೆನರಾಗೆ, ಅದೇ ವರ್ಷ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಬೀರುನಲ್ಲಿ ಹಳೇ ಚೆಕ್ ಬುಕ್ ಇಟ್ಕೊಂಡಿರೋರು ಅದನ್ನ ನೋಡಿ ಕೋಡ್ ಹಾಕಿದ್ರೆ ಕೆಲಸ ಕೆಟ್ಟಂಗೆ. ನಮ್ಮಜ್ಜಿ ಇವತ್ತಿಗೂ ಮೈಸೂರ್ ಬ್ಯಾಂಕ್ ಅಂತಾನೇ ಅನ್ನೋದು, ಅಜ್ಜಿಗೆ ಯಾರೂ ಹೇಳಕ್ಕೆ ಹೋಗಿಲ್ಲ. ಆದ್ರೆ ನಂದು ಹೊಸ ಚೆಕ್ಕೇ. ಕೋಡ್ ಹನ್ನೊಂದು ಅಕ್ಷರ ಸರಿ ಇದೆ, ಐದನೇದು ಯಾವಾಗ್ಲೂ ಸೊನ್ನೆ, ಓ ಅಕ್ಷರ ಅಲ್ಲ, ಅದೂ ಸರಿ ಇದೆ. ಮತ್ತೇನು?

ಆಗ ಮಿನಿ ಸ್ಟೇಟ್‌ಮೆಂಟ್ ತೆಗೆದೆ. ಈ ಶಾಟ್ ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ, ಫೋಕಸ್ ಆಗ್ತಿಲ್ಲ, ಹಾಂ ಆಯ್ತು. ಮೂರು ಸಾಲು, ಮೂರರಲ್ಲೂ 1.00 ಕ್ರೆಡಿಟ್, ಐಎಂಪಿಎಸ್. ದುಡ್ಡು ಬಂದಿದೆ! ಒಂದು ರೂಪಾಯಿಗೆ ನನ್ನ ಬ್ಯಾಂಕ್ ಎಸ್‌ಎಂಎಸ್ಸೂ ಕಳಿಸಿಲ್ಲ, ಅದಕ್ಕೇ ಗೊತ್ತಾಗಿಲ್ಲ. ಇದಕ್ಕೆ ಪೆನ್ನಿ ಡ್ರಾಪ್ ಅಂತಾರೆ. ಅವರು ಒಂದು ರೂಪಾಯಿ ಕಳಿಸೋದು ನಮಗೆ ದಾನ ಮಾಡಕ್ಕಲ್ಲ, ಆ ದುಡ್ಡು ಅಕೌಂಟಿಗೆ ಬಿದ್ದಾಗ ಬ್ಯಾಂಕು ತನ್ನ ದಾಖಲೇಲಿರೋ ಹೆಸರನ್ನ ವಾಪಸ್ ಹೇಳತ್ತೆ, ಆ ಹೆಸರು ಬೇಕು ಅವರಿಗೆ. ಅದನ್ನ ಪ್ಯಾನ್ ಹೆಸರಿನ ಪಕ್ಕ ಇಟ್ಟು ನೋಡ್ತಾರೆ. ಹಂಗಾಗಿ ಕಂಡುಹಿಡಿಯೋದು ಸುಲಭ: ರೂಪಾಯಿ ಬಂದೇ ಇಲ್ಲ ಅಂದ್ರೆ ನಂಬರ್ರೋ ಐಎಫ್‌ಎಸ್‌ಸಿನೋ ನೋಡಿ, ರೂಪಾಯಿ ಬಂದೂ ಫೇಲ್ ಅಂದ್ರೆ ಬಹುತೇಕ ಹೆಸರಿನ ಜಗಳ.

ನನ್ನ ಹೆಸರನ್ನ ಬ್ಲರ್ ಮಾಡಿದೀನಿ, ಅದರ ಬದ್ಲು ಒಂದು ಸುಮ್ನೆ ಹೆಸರು ಹಾಕ್ತೀನಿ, ತೊಂದ್ರೆ ಅದೇ ಥರದ್ದು:

```
PAN / GST : SAVITHA NANJUNDAPPA
BANK      : SAVITHA N
AADHAAR   : Savitha N
```

ನಮ್ಮ ಕಡೆಯೋರಿಗೆ ನೋಡಿದ ತಕ್ಷಣ ಅರ್ಥ ಆಗತ್ತೆ. ನಮಗೆಲ್ಲಿ ಸರ್‌ನೇಮು, ಅಪ್ಪನ ಹೆಸರಿನ ಮೊದಲ ಅಕ್ಷರ ಒಂದು, ಊರಿನದ್ದು ಒಂದು, ಮುಗೀತು. ಪ್ಯಾನ್ ಅರ್ಜೀಲಿ ಮಾತ್ರ ಸರ್‌ನೇಮ್ ಜಾಗದಲ್ಲಿ ಬರೀ ಇನಿಶಿಯಲ್ ಒಪ್ಪಲ್ಲ, ಬಿಡಿಸಿ ಬರೀರಿ ಅಂತಾರೆ, ಹಂಗಾಗಿ ಅಲ್ಲಿ ಅಪ್ಪನ ಪೂರ್ತಿ ಹೆಸರು ಬಂದು ಕೂತಿರತ್ತೆ. ಕಾಲೇಜಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ತೆಗೆದ ಬ್ಯಾಂಕ್ ಅಕೌಂಟು, ಅದ್ರಲ್ಲಿ ಬರೀ ಎನ್. ನಮಗೆ ಎರಡೂ ಒಬ್ಬಳೇ, ಕಂಪ್ಯೂಟರಿಗೆ ಇಬ್ರು ಹುಡುಗೀರು. ಸ್ವಲ್ಪ ಸ್ಪೆಲ್ಲಿಂಗ್ ಹೆಚ್ಚುಕಮ್ಮಿ ಇದ್ರೆ ಬಿಡತ್ತಂತೆ, ಅರ್ಧ ಹೆಸರೇ ಇಲ್ಲ ಅಂದ್ರೆ ಪಾಪ ಅದೇನ್ಮಾಡತ್ತೆ. ನೋಡಿ, ಈಗ ಅದರ ಪರ ಮಾತಾಡ್ತಿದೀನಿ, ಅವತ್ತು ಲ್ಯಾಪ್‌ಟಾಪ್ ಎತ್ತಿ ಒಗೆಯೋದೊಂದು ಬಾಕಿ.

ನಿಮ್ಮ ಬ್ಯಾಂಕಲ್ಲಿ ಏನಂತ ಇದೆ ಅಂತ ನೋಡ್ಬೇಕಾ, ಮನೆಯವರ ಫೋನಿಂದ ನಿಮ್ಮ ಯುಪಿಐಗೆ ದುಡ್ಡು ಕಳಿಸೋ ಥರ ಮಾಡಿ, ಪಿನ್ ಒತ್ತೋಕೆ ಮುಂಚೆ ಬ್ಯಾಂಕ್ ಹೆಸ್ರು ತೋರಿಸತ್ತೆ, ಅಲ್ಲಿಗೆ ನಿಲ್ಲಿಸಿ. ಫಾರ್ಮ್ ತೆಗೆಯೋ ಮುಂಚೆ ಈ ಒಂದು ಕೆಲಸ ಮಾಡಿದ್ದಿದ್ರೆ ನನ್ನ ಹತ್ತು ದಿನ ಉಳೀತಿತ್ತು. ಜಾಯಿಂಟ್ ಅಕೌಂಟ್ ಆದ್ರೆ ಮೊದಲನೇ ಹೆಸರು ಯಾರದ್ದು ನೋಡಿ. ಅತ್ತಿಗೆ ಅವರ ಅಕೌಂಟ್ ಹಾಕು ಅಂದ್ರು, ಅದ್ರಲ್ಲಿ ಅಣ್ಣನ ಹೆಸರು ಮೊದ್ಲು. ಹೊಲಿಯೋರು ಇವರು, ಹೆಸರು ಅವನದ್ದು. ಈ ವಿಷ್ಯ ಈಗ ಬೇಡ, ಅಣ್ಣ ಈ ವಿಡಿಯೋ ನೋಡ್ತಾನೆ.

ಬ್ಯಾಂಕಿಗೆ ಹೋಗಿದ್ದು ಇದು, ಒಳಗೆ ಶೂಟ್ ಮಾಡಕ್ಕೆ ಬಿಡಲ್ಲ, ಅದಕ್ಕೆ ಹೊರಗಿನ ಎಳನೀರು ಗಾಡಿ ನೋಡ್ತಾ ಕೇಳ್ಕೊಳಿ. ಹೆಸರು ತಿದ್ದುಪಡಿಗೆ ಫಾರ್ಮ್ ಕೊಟ್ಟೆ, ಪ್ಯಾನ್ ಜೆರಾಕ್ಸಿಗೆ ಸಹಿ ಹಾಕಿ ಕೊಟ್ಟೆ. ಕೌಂಟರಲ್ಲಿದ್ದೋರು ಆಧಾರ್ ನೋಡಿ, "ಮೇಡಂ, ಇದರಲ್ಲೂ ಬರೀ ಎನ್ ಇದೆ, ಮೊದ್ಲು ಇದನ್ನ ಸರಿ ಮಾಡಿಸ್ಕೊಂಡು ಬನ್ನಿ" ಅಂದ್ರು. ಆಧಾರಲ್ಲಿ ಹೆಸರು ಬದಲಾಯಿಸೋ ಅವಕಾಶ ಇಡೀ ಜೀವನಕ್ಕೆ ಎರಡೇ ಸಲ, ಒಂದು ಬ್ಯಾಗ್ ಮಾರಕ್ಕೆ ಅದ್ರಲ್ಲಿ ಒಂದು ಖರ್ಚು ಮಾಡಲ್ಲ ಅಂತ ನನ್ನ ಹಟ. ಪ್ಯಾನನ್ನೇ ಬದಲಾಯಿಸಬಹುದಲ್ಲ ಅಂತೀರಾ? ಪ್ಯಾನ್ ಮುಟ್ಟಿದ್ರೆ ಜಿಎಸ್‌ಟಿನೂ ತಿದ್ದಬೇಕು, ಬುಡ ಅಲ್ಲಾಡಿಸಿದಂಗೆ. ಬ್ಯಾಂಕಲ್ಲಿ ಬದಲಾಯಿಸೋದೇ ಕಡಿಮೆ ಕೆಲಸ.

ಮ್ಯಾನೇಜರ್ ಹತ್ರ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದ್ರು, "ಈ ಎನ್ ಅಂದ್ರೆ ಇದೇ ಹೆಸರು ಅನ್ನೋದಕ್ಕೆ ಏನಾದ್ರೂ ಇದೆಯೇನಮ್ಮಾ?" ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು! ಅದ್ರಲ್ಲಿ ನನ್ನ ಹೆಸರು ಇನಿಶಿಯಲ್ ಜೊತೆಗೆ ಇದೆ, ಕೆಳಗೆ ಬೇರೆ ಸಾಲಲ್ಲಿ ಅಪ್ಪನ ಪೂರ್ತಿ ಹೆಸರಿದೆ. ಮನೆಗೆ ಓಡಿ ತಂದೆ. ಎರಡೂ ಒಬ್ಬಳೇ ಅಂತ ಒಂದು ಪತ್ರ ಬರೆಸ್ಕೊಂಡ್ರು, ಅಸಲು ಮಾರ್ಕ್ಸ್ ಕಾರ್ಡ್ ನೋಡಿದ್ರು, ಗಣಿತದಲ್ಲಿ 43 ಅನ್ನೋದನ್ನೂ ನೋಡಿದ್ರು, ಏನೂ ಅನ್ಲಿಲ್ಲ, ಒಳ್ಳೆ ಮನುಷ್ಯ. ಮೂರನೇ ದಿನಕ್ಕೆ ಬದಲಾಯ್ತು.

ಚೆಕ್ ವಿಷ್ಯ ಮರೀತಿದ್ದೆ. ಈ ಫೋಟೋ ಅಪ್‌ಲೋಡ್ ಮಾಡ್ತಿದೀನಲ್ಲ, ಇದು ಹಳೇ ಹೆಸರಿರೋ ಚೆಕ್ಕಲ್ಲ, ಅದನ್ನ ಹಾಕಿದ್ರೆ ಮತ್ತೆ ಅದೇ ಗೋಳು. ಹೊಸ ಚೆಕ್ ಬುಕ್ ಬಂದಿರ್ಲಿಲ್ಲ, ಅದಕ್ಕೆ ಹೊಸ ಹೆಸರಿರೋ ಸ್ಟೇಟ್‌ಮೆಂಟಿಗೆ ಬ್ಯಾಂಕ್ ಸೀಲ್ ಹಾಕಿಸ್ಕೊಂಡು ಹಾಕಿದೆ, ತಗೊಂತು. ಚೆಕ್ಕೇ ಕೊಡೋದಾದ್ರೆ ಹೆಸರು ಪ್ರಿಂಟ್ ಆಗಿರೋದು ಕೊಡಿ, ಎರಡು ಗೀಟು ಎಳೆದು ಮಧ್ಯ CANCELLED ಅಂತ ಬರೀರಿ, ಸಹಿ ಬೇಡ.

ವೆರಿಫೈ ಒತ್ತಿದ್ದು ಇದು, ನಾಲ್ಕನೇ ರೂಪಾಯಿ. ಹಸಿರು! ಕಿರುಚಿದ್ದು ನಾನೇ.

ಆಮೇಲೆ ವಿಡಿಯೋ ಕಾಲಲ್ಲಿ ಗುರುತು ಪರೀಕ್ಷೆ, ಐದು ನಿಮಿಷ. ಅಸಲು ಪ್ಯಾನ್ ಕಾರ್ಡ್ ಹಿಡೀಬೇಕು, ಫೋನಲ್ಲಿರೋ ಫೋಟೋ ತೋರಿಸಿದ್ರೆ ಆಗಲ್ಲ ಅಂದ್ರು. ನನ್ನ ಕಾರ್ಡಿಗೆ ಅಪ್ಪ ಪ್ರೀತಿಯಿಂದ ಲ್ಯಾಮಿನೇಶನ್ ಮಾಡಿಸಿದಾರೆ, ಟ್ಯೂಬ್‌ಲೈಟ್ ಬೆಳಕು ಬಿದ್ದು ಬರೀ ಬಿಳಿ ಪಟ್ಟಿ ಕಾಣ್ತಿತ್ತು, ಲೈಟ್ ಆಫ್ ಮಾಡಿ ಕಿಟಕಿ ಹತ್ರ ಹೋದ್ಮೇಲೆ ಓದಕ್ಕಾಯ್ತು ಅವರಿಗೆ.

ಅಕೌಂಟ್ ಆ್ಯಕ್ಟಿವ್. ಅವತ್ತು ಮಧ್ಯಾಹ್ನದಿಂದ ಫೋನ್ ಶುರು, ಮೇಡಂ ನಿಮ್ಮ ಸೆಲ್ಲರ್ ಅಕೌಂಟ್ ಆ್ಯಕ್ಟಿವೇಟ್ ಮಾಡಕ್ಕೆ 1,999 ಕಟ್ಟಿ, ಒಟಿಪಿ ಹೇಳಿ ಅಂತ. ಆಗ್ಲೇ ಆಗಿದೆ ಕಣಪ್ಪಾ ಅಂದ್ರೆ ಕಟ್ ಮಾಡ್ತಾರೆ. ಒಬ್ಬ ಮಾತ್ರ ಕಂಗ್ರಾಜ್ಯುಲೇಶನ್ಸ್ ಅಂದ.

ಈಗ ಬ್ಯಾಗ್ ಫೋಟೋ ತೆಗೀಬೇಕು, ಬಿಳಿ ಬೆಡ್‌ಶೀಟ್ ಹಾಸಿದೀನಿ ನೋಡಿ ಅಲ್ಲಿ... ಅಯ್ಯೋ, ಬೆಕ್ಕು ಮಲಗ್ಬಿಟ್ಟಿದೆ. ತಡೀರಿ, ಕ್ಯಾಮೆರಾ ಆಫ್ ಮಾಡ್ತೀನಿ. ಅತ್ತಿಗೇ, ಇದನ್ನ ಎತ್ಕೊಳಿ ಒಂಚೂರು!